ಕೆಲಸದವನ ತಪ್ಪು, ಯಜಮಾನನ ಜೇಬು

ಕಾನೂನು ಪ್ರವೇಶ ಪರೀಕ್ಷೆಗೆ ಓದುವ ಮಕ್ಕಳಿಗೆ ಪಾಠ ಹೇಳುವಾಗ ನಾನು ಮೊದಲ ವಾರದಲ್ಲೇ ಒಂದು ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಅದು ಹೀಗಿದೆ.

ತತ್ವ: ಕೆಲಸಗಾರ ತನ್ನ ಕೆಲಸದ ಅಂಗವಾಗಿ ಎಸಗಿದ ತಪ್ಪಿಗೆ ಮಾಲೀಕನೂ ಹೊಣೆ.

ಸಂಗತಿ: ದಾವಣಗೆರೆಯ ಒಂದು ಬೇಕರಿಯ ವ್ಯಾನ್ ಚಾಲಕ ದಿನವೂ ಬೆಳಿಗ್ಗೆ ಅಂಗಡಿಗಳಿಗೆ ಬ್ರೆಡ್ ಹಾಕಿ ಬರುತ್ತಾನೆ. ‘ಗಾಡಿ ಓಡಿಸುವಾಗ ಮೊಬೈಲಿನಲ್ಲಿ ಮಾತನಾಡಬಾರದು’ ಎಂದು ಮಾಲೀಕ ವ್ಯಾನಿನೊಳಗೆ ಬರೆಸಿ ಅಂಟಿಸಿದ್ದಾನೆ. ಒಂದು ದಿನ ಮೂರನೇ ಅಂಗಡಿಗೆ ಹೋಗುವಾಗ ಚಾಲಕ ಹೆಂಡತಿಯೊಂದಿಗೆ ಫೋನಿನಲ್ಲಿ ಮಾತನಾಡುತ್ತಲೇ ಗಾಡಿ ಓಡಿಸಿ, ಸೈಕಲ್ ಸವಾರನೊಬ್ಬನಿಗೆ ಗುದ್ದುತ್ತಾನೆ. ಸವಾರನ ಕಾಲು ಮುರಿಯುತ್ತದೆ. ಅವನು ಮಾಲೀಕನಿಂದ ಪರಿಹಾರ ಕೇಳುತ್ತಾನೆ.

(ಅ) ಮಾಲೀಕ ಹೊಣೆಯಲ್ಲ, ಏಕೆಂದರೆ ಮೊಬೈಲ್ ಬಳಕೆಯನ್ನು ಅವನು ನಿಷೇಧಿಸಿದ್ದ.
(ಆ) ಮಾಲೀಕ ಹೊಣೆಯಲ್ಲ, ಏಕೆಂದರೆ ಹೆಂಡತಿಯೊಡನೆ ಮಾತು ಚಾಲಕನ ಸ್ವಂತ ವಿಷಯ.
(ಇ) ಮಾಲೀಕ ಹೊಣೆ, ಏಕೆಂದರೆ ಅಪಘಾತ ನಡೆದದ್ದು ಡ್ಯೂಟಿಯ ಸಮಯದಲ್ಲಿ.
(ಈ) ಮಾಲೀಕ ಹೊಣೆ, ಏಕೆಂದರೆ ಚಾಲಕ ಬ್ರೆಡ್ ತಲುಪಿಸುವ ಕೆಲಸವನ್ನೇ ಅಜಾಗರೂಕತೆಯಿಂದ ಮಾಡುತ್ತಿದ್ದ.

ತರಗತಿಯಲ್ಲಿ ಅರ್ಧದಷ್ಟು ಕೈಗಳು ‘ಅ’ಗೆ ಏಳುತ್ತವೆ. ಯಜಮಾನ ಬೇಡವೆಂದು ಬರೆದೇ ಅಂಟಿಸಿದ್ದಾನೆ, ಅವನ ತಪ್ಪೇನು ಎಂಬ ನ್ಯಾಯ ಅವರದು. ಉಳಿದವರಲ್ಲಿ ಹೆಚ್ಚಿನವರು ‘ಇ’ ಅನ್ನುತ್ತಾರೆ. ಸರಿಯುತ್ತರ ‘ಈ’. ‘ಇ’ ಮತ್ತು ‘ಈ’ ಎರಡರಲ್ಲೂ ಮಾಲೀಕ ಹೊಣೆ ಎಂದೇ ಇದೆ, ಆದರೂ ಒಂದಕ್ಕೆ ಅಂಕ ಸಿಗುತ್ತದೆ, ಇನ್ನೊಂದಕ್ಕೆ ಅಂಕ ಕಳೆಯುತ್ತದೆ. ಯಾಕೆ ಎಂಬುದು ತಿಳಿದರೆ ಈ ಇಡೀ ಕಾನೂನಿನ ತಿರುಳು ಕೈಗೆ ಬಂದಂತೆ.

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ನಡೆಯುವ ಕ್ಲಾಟ್ ಪರೀಕ್ಷೆಯಲ್ಲಿ ಈಚಿನ ವರ್ಷಗಳಲ್ಲಿ 120 ಪ್ರಶ್ನೆಗಳಿರುತ್ತವೆ, ಸಮಯ 2 ಗಂಟೆ. ಪ್ರತಿ ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಕಾನೂನು ತರ್ಕದ ಭಾಗದಲ್ಲಿ ಒಂದು ಗದ್ಯಭಾಗ ಕೊಟ್ಟು, ಅದರಲ್ಲಿರುವ ನಿಯಮವನ್ನು ಹೊಸ ಸಂಗತಿಗೆ ಹೊಂದಿಸಲು ಹೇಳುತ್ತಾರೆ. ಮೊದಲೇ ಕಾನೂನು ಓದಿರಬೇಕೆಂದಿಲ್ಲ. ಅಪಕೃತ್ಯ, ಅಂದರೆ ಟಾರ್ಟ್ ಕಾನೂನಿನಿಂದ ಬರುವ ಪ್ರಶ್ನೆಗಳಲ್ಲಿ ‘ವೈಕೇರಿಯಸ್ ಲಯಬಿಲಿಟಿ’ ಹಳೆಯ ನೆಂಟ. ತಪ್ಪು ಮಾಡಿದವನೊಬ್ಬ, ಪರಿಹಾರ ಕೊಡಬೇಕಾದವನು ಇನ್ನೊಬ್ಬ. ಕನ್ನಡದಲ್ಲಿ ಇದನ್ನು ಪರೋಕ್ಷ ಹೊಣೆ ಎನ್ನಬಹುದು.

ಪರೋಕ್ಷ ಹೊಣೆ ಎಂದಾಕ್ಷಣ ಕೆಲಸದವನು ಬಿಡುಗಡೆಯಾದ ಎಂದಲ್ಲ. ಚಾಲಕನೂ ಹೊಣೆ, ಅವನ ಜೊತೆಗೆ ಮಾಲೀಕನೂ ಹೊಣೆ. ಗಾಯಗೊಂಡವನು ಇಬ್ಬರ ಮೇಲೂ ದಾವೆ ಹೂಡಬಹುದು. ಕಾನೂನು ಮಾಲೀಕನನ್ನು ಹಿಡಿಯುವುದಕ್ಕೆ ಕಾರಣ ಸರಳ. ವ್ಯಾಪಾರ ಅವನದು, ಲಾಭ ಅವನದು, ಆಳನ್ನು ಆರಿಸಿದವನೂ ಅವನೇ. ಆ ವ್ಯಾಪಾರ ಬೀದಿಗೆ ತಂದ ಅಪಾಯದ ಭಾರವನ್ನು ಸೈಕಲ್ಲಿನಲ್ಲಿ ಹೋಗುತ್ತಿದ್ದ ಪಾಪದವನ ಮೇಲೆ ಹೊರಿಸುವುದು ಸರಿಯಲ್ಲ. ಆದರೆ ಈ ಹೊಣೆಗೆ ಒಂದು ಗೆರೆ ಬೇಕು. ಆಳು ಬದುಕಿನಲ್ಲಿ ಮಾಡುವ ಎಲ್ಲ ತಪ್ಪಿಗೂ ಯಜಮಾನ ದಂಡ ತೆರಲಾಗದು. ಆ ಗೆರೆಯೇ ‘ಕೋರ್ಸ್ ಆಫ್ ಎಂಪ್ಲಾಯ್‌ಮೆಂಟ್’.

ಈ ಮಾತನ್ನು ಕನ್ನಡಕ್ಕೆ ತರುವಾಗ ಹಲವರು ‘ಉದ್ಯೋಗದ ಅವಧಿಯಲ್ಲಿ’ ಎಂದು ಬರೆಯುತ್ತಾರೆ. ನನ್ನ ಮಟ್ಟಿಗೆ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಎಡವುವುದು ಇಲ್ಲೇ. ಅವಧಿ ಎಂದರೆ ಗಡಿಯಾರ ನೋಡಬೇಕು ಅನ್ನಿಸುತ್ತದೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರೊಳಗೆ ನಡೆದದ್ದೆಲ್ಲ ಯಜಮಾನನ ತಲೆಗೆ, ಆಮೇಲಿನದು ಆಳಿನ ತಲೆಗೆ ಎಂದು ತೋರುತ್ತದೆ. ಕಾನೂನು ಗಡಿಯಾರ ನೋಡುವುದಿಲ್ಲ, ಕೆಲಸ ನೋಡುತ್ತದೆ. ಆ ಹೊತ್ತಿನಲ್ಲಿ ಅವನು ಯಾರ ಕೆಲಸ ಮಾಡುತ್ತಿದ್ದ? ಅದು ಅವನಿಗೆ ವಹಿಸಿದ ಕೆಲಸವೇ? ‘ಕೆಲಸದ ಅಂಗವಾಗಿ’ ಎಂದರೆ ಅರ್ಥ ಸರಿಯಾಗಿ ಕೂರುತ್ತದೆ. ‘ಇ’ ಆಯ್ಕೆ ತಪ್ಪಾದದ್ದು ಇದರಿಂದಲೇ. ಡ್ಯೂಟಿಯ ಸಮಯದಲ್ಲೇ ಚಾಲಕ ತನ್ನ ಹಳೆಯ ವೈರಿಯನ್ನು ಕಂಡು, ಗಾಡಿ ನಿಲ್ಲಿಸಿ ಇಳಿದು ಹೊಡೆದಿದ್ದರೆ? ಸಮಯ ಡ್ಯೂಟಿಯದೇ, ಆದರೆ ಕೆಲಸ ಬೇಕರಿಯದಲ್ಲ.

ಕೆಲಸದ ಅಂಗವೆಂದರೇನು ಎಂಬುದಕ್ಕೆ ನ್ಯೂಜಿಲೆಂಡಿನ ನ್ಯಾಯಶಾಸ್ತ್ರಜ್ಞ ಸಾಲ್ಮಂಡ್ ಕೊಟ್ಟ ಅಳತೆಗೋಲನ್ನು ಭಾರತದ ನ್ಯಾಯಾಲಯಗಳೂ ಬಳಸಿವೆ. ಯಜಮಾನ ಅನುಮತಿ ಕೊಟ್ಟ ತಪ್ಪು ಕೆಲಸ ಒಂದು. ಯಜಮಾನ ಅನುಮತಿ ಕೊಟ್ಟ ಕೆಲಸವನ್ನು ಅನುಮತಿಯಿಲ್ಲದ, ತಪ್ಪು ರೀತಿಯಲ್ಲಿ ಮಾಡುವುದು ಇನ್ನೊಂದು. ಎರಡಕ್ಕೂ ಯಜಮಾನ ಹೊಣೆ. ಪರೀಕ್ಷೆಯ ಪ್ರಶ್ನೆಗಳು ಬಹುಪಾಲು ಎರಡನೆಯದರ ಸುತ್ತಲೇ ಸುತ್ತುತ್ತವೆ.

ಇದನ್ನು ಅರಿಯಲು ಲಂಡನ್ನಿನ ಎರಡು ಹಳೆಯ ಬಸ್ಸುಗಳನ್ನು ನೋಡಬೇಕು. ಎರಡೂ ಲಂಡನ್ ಜನರಲ್ ಆಮ್ನಿಬಸ್ ಕಂಪನಿಯವು.

ಮೊದಲನೆಯದು 1862ರಲ್ಲಿ ತೀರ್ಮಾನವಾದ ಲಿಂಪಸ್ ಪ್ರಕರಣ. ಆಗ ಬಸ್ಸೆಂದರೆ ಕುದುರೆ ಎಳೆಯುವ ಬಂಡಿ. ಬೇರೆ ಕಂಪನಿಯ ಬಂಡಿಗಳೊಂದಿಗೆ ಪೈಪೋಟಿಗೆ ಬೀಳಬಾರದು, ಅವುಗಳಿಗೆ ಅಡ್ಡ ಹಾಕಬಾರದು ಎಂದು ಕಂಪನಿ ತನ್ನ ಚಾಲಕರಿಗೆ ಅಚ್ಚು ಹಾಕಿಸಿದ ಕಾರ್ಡನ್ನೇ ಕೊಟ್ಟಿತ್ತು. ಒಬ್ಬ ಚಾಲಕ ಪ್ರಯಾಣಿಕರನ್ನು ತಾನೇ ಹತ್ತಿಸಿಕೊಳ್ಳಬೇಕೆಂದು ಎದುರಾಳಿ ಬಂಡಿಗೆ ಅಡ್ಡ ಬಂದ. ಆ ಬಂಡಿ ಉರುಳಿಬಿತ್ತು. ಕಂಪನಿ ತಾನು ಕೊಟ್ಟ ಕಾರ್ಡನ್ನು ತೋರಿಸಿತು. ನ್ಯಾಯಾಲಯ ಒಪ್ಪಲಿಲ್ಲ. ಬಂಡಿ ಓಡಿಸಿ ಪ್ರಯಾಣಿಕರನ್ನು ಗಿಟ್ಟಿಸುವುದೇ ಅವನ ಕೆಲಸ, ಅದನ್ನೇ ಅವನು ಕೆಟ್ಟದಾಗಿ ಮಾಡಿದ. ಕಂಪನಿ ಹೊಣೆಯಾಯಿತು.

ಎರಡನೆಯದು 1900ರ ಬಿಯರ್ಡ್ ಪ್ರಕರಣ. ಬಸ್ಸು ಕೊನೆಯ ನಿಲ್ದಾಣ ತಲುಪಿತ್ತು, ಚಾಲಕ ಜಾಗದಲ್ಲಿ ಇರಲಿಲ್ಲ. ಮುಂದಿನ ಸುತ್ತಿಗೆ ಗಾಡಿ ತಿರುಗಿಸಿಡೋಣವೆಂದು ಕಂಡಕ್ಟರ್ ತಾನೇ ಓಡಿಸಿದ, ಒಬ್ಬರಿಗೆ ಪೆಟ್ಟಾಯಿತು. ಇಲ್ಲಿ ಕಂಪನಿ ಹೊಣೆಯಾಗಲಿಲ್ಲ. ಕಂಡಕ್ಟರನ ಉದ್ದೇಶ ಕಂಪನಿಗೆ ಒಳ್ಳೆಯದು ಮಾಡುವುದೇ ಆಗಿತ್ತು. ಆದರೆ ಅವನಿಗೆ ವಹಿಸಿದ್ದು ಟಿಕೆಟ್ ಕೊಟ್ಟು ಹಣ ಪಡೆಯುವ ಕೆಲಸ. ಬಸ್ಸು ಓಡಿಸುವ ಅಧಿಕಾರ ಅವನಿಗಿತ್ತು ಎಂದು ಯಾರೂ ತೋರಿಸಲಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಯಜಮಾನನ ಆಜ್ಞೆಯನ್ನು ಮೀರಿದ್ದರೂ ಹೊಣೆ ಬಂತು. ಎರಡನೆಯದರಲ್ಲಿ ಯಜಮಾನನ ಹಿತಕ್ಕೆಂದೇ ಮಾಡಿದ್ದರೂ ಹೊಣೆ ಬರಲಿಲ್ಲ. ಆಜ್ಞೆ ಮೀರಿದನೋ ಇಲ್ಲವೋ ಎಂಬುದು ನಿರ್ಣಾಯಕವಲ್ಲ. ಆ ಆಜ್ಞೆ ಯಾವುದಕ್ಕೆ ಬೇಲಿ ಹಾಕಿತ್ತು ಎಂಬುದನ್ನು ನೋಡಬೇಕು. ‘ಹೀಗೆ ಮಾಡಬೇಡ’ ಎಂಬುದು ರೀತಿಗೆ ಹಾಕಿದ ಬೇಲಿ, ಅದನ್ನು ದಾಟಿದರೂ ಕೆಲಸ ಯಜಮಾನನದೇ. ‘ಇದು ನಿನ್ನ ಕೆಲಸವೇ ಅಲ್ಲ’ ಎಂಬುದು ಕೆಲಸಕ್ಕೇ ಹಾಕಿದ ಬೇಲಿ, ಅದನ್ನು ದಾಟಿದವನು ತನ್ನ ಪಾಡಿಗೆ ತಾನು ಹೊರಗೆ ಹೋದಂತೆ.

ಬೇಕರಿಯ ವ್ಯಾನಿನಲ್ಲಿ ಅಂಟಿಸಿದ್ದ ಮೊಬೈಲ್ ಸೂಚನೆ ಯಾವ ಜಾತಿಯದು? ಗಾಡಿ ಓಡಿಸುವ ರೀತಿಗೆ ಹಾಕಿದ ಬೇಲಿ. ಹಾಗಾಗಿ ‘ಅ’ ನಿಲ್ಲುವುದಿಲ್ಲ. ಹಾಗೆ ನಿಲ್ಲುವುದಾಗಿದ್ದರೆ ಪ್ರತಿಯೊಬ್ಬ ಮಾಲೀಕನೂ ‘ಅಜಾಗರೂಕತೆಯಿಂದ ಓಡಿಸಬಾರದು’ ಎಂದು ಒಂದು ಚೀಟಿ ಅಂಟಿಸಿ ಕೈತೊಳೆದುಕೊಳ್ಳುತ್ತಿದ್ದ, ಬೀದಿಯಲ್ಲಿ ಬಿದ್ದವನಿಗೆ ಏನೂ ದಕ್ಕುತ್ತಿರಲಿಲ್ಲ.

‘ಆ’ ಆಯ್ಕೆ ಇನ್ನೂ ನಯವಾದ ಬಲೆ. ಫೋನಿನ ಮಾತು ಸ್ವಂತದ್ದು ಎಂಬುದು ನಿಜವೇ. ಇದಕ್ಕೆ ಉತ್ತರ 1942ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಸೆಂಚುರಿ ಇನ್ಶೂರೆನ್ಸ್ ಪ್ರಕರಣದಲ್ಲಿದೆ. ಉತ್ತರ ಐರ್ಲೆಂಡಿನಲ್ಲಿ ಒಬ್ಬ ಟ್ಯಾಂಕರ್ ಚಾಲಕ ಗ್ಯಾರೇಜೊಂದರ ನೆಲದಡಿಯ ತೊಟ್ಟಿಗೆ ಪೆಟ್ರೋಲ್ ಇಳಿಸುತ್ತಿದ್ದ. ಪೆಟ್ರೋಲ್ ಹರಿಯುತ್ತಿರುವಾಗಲೇ ಸಿಗರೇಟ್ ಹಚ್ಚಿ ಕಡ್ಡಿಯನ್ನು ನೆಲಕ್ಕೆ ಎಸೆದ. ಬೆಂಕಿ ಹೊತ್ತಿ ಸ್ಫೋಟವಾಯಿತು. ಸಿಗರೇಟು ಸೇದಿದ್ದು ಅವನ ಸುಖಕ್ಕೆ, ಯಜಮಾನನಿಗೆ ಅದರಿಂದ ಏನೂ ಬರಬೇಕಿರಲಿಲ್ಲ. ಆದರೂ ನ್ಯಾಯಾಲಯ ಕಡ್ಡಿ ಗೀರಿದ್ದನ್ನು ಬಿಡಿಯಾಗಿ ನೋಡಲಿಲ್ಲ. ಪೆಟ್ರೋಲ್ ಇಳಿಸುವಾಗ ಎಚ್ಚರವಾಗಿರುವುದು ಅವನ ಕೆಲಸದ ಭಾಗ, ಆ ಕೆಲಸವನ್ನು ಅವನು ಎಚ್ಚರಗೇಡಿಯಾಗಿ ಮಾಡಿದ ಎಂದಿತು. ವ್ಯಾನ್ ಚಾಲಕನ ಫೋನೂ ಅಷ್ಟೇ. ಸವಾರನ ಕಾಲು ಮುರಿದದ್ದು ಮಾತಿನಿಂದಲ್ಲ, ರಸ್ತೆ ನೋಡದೆ ಬ್ರೆಡ್ಡಿನ ಗಾಡಿ ಓಡಿಸಿದ್ದರಿಂದ.

ಈಗ ಸಂಗತಿಯನ್ನು ಸ್ವಲ್ಪ ಬದಲಿಸೋಣ. ಪರೀಕ್ಷಕರು ಮಾಡುವುದೂ ಇದನ್ನೇ. ಒಂದೇ ಗದ್ಯಭಾಗದ ಕೆಳಗೆ ನಾಲ್ಕೈದು ಪ್ರಶ್ನೆಗಳಿದ್ದು, ಪ್ರತಿಯೊಂದರಲ್ಲೂ ಒಂದು ಎಳೆ ಮಾತ್ರ ಬೇರೆಯಾಗಿರುತ್ತದೆ.

ಚಾಲಕ ಎರಡನೇ ಅಂಗಡಿಯಿಂದ ಮೂರನೆಯದಕ್ಕೆ ಹೋಗುವಾಗ ಪಕ್ಕದ ಬೀದಿಯ ಕ್ಯಾಂಟೀನಿನಲ್ಲಿ ಚಹಾ ಕುಡಿಯಲೆಂದು ಸ್ವಲ್ಪ ಸುತ್ತು ಹಾಕಿದ, ಆಗ ಅಪಘಾತವಾಯಿತು ಎನ್ನಿ. ಮಾಲೀಕ ಹೊಣೆಯೇ. 1868ರ ವಾಟ್ಮನ್ ಪ್ರಕರಣದಲ್ಲಿ ಒಬ್ಬ ಗಾಡಿಯಾಳು ಆಜ್ಞೆ ಮೀರಿ ಊಟಕ್ಕೆ ಮನೆಗೆ ಹೋಗಿದ್ದ. ಮನೆ ಇದ್ದದ್ದು ದಾರಿಯಿಂದ ಸುಮಾರು ಕಾಲು ಮೈಲಿ ಆಚೆ. ಕಾವಲಿಲ್ಲದೆ ಬಾಗಿಲ ಮುಂದೆ ಬಿಟ್ಟ ಕುದುರೆ ಓಡಿಹೋಗಿ ಇನ್ನೊಬ್ಬರ ಬೇಲಿ ಮುರಿಯಿತು. ಯಜಮಾನ ಹೊಣೆಯಾದ, ಏಕೆಂದರೆ ದಿನವಿಡೀ ಆ ಕುದುರೆ ನೋಡಿಕೊಳ್ಳುವುದೇ ಆಳಿನ ಕೆಲಸ.

ಇನ್ನೊಂದು ಬದಲಾವಣೆ. ಬ್ರೆಡ್ಡೆಲ್ಲ ಹಾಕಿಯಾದ ಮೇಲೆ ಚಾಲಕ ಬೇಕರಿಗೆ ಮರಳದೆ, ಹರಿಹರದ ಅಕ್ಕನ ಮನೆಗೆ ವ್ಯಾನ್ ತೆಗೆದುಕೊಂಡು ಹೋದ, ಅಲ್ಲಿ ಗುದ್ದಿದ. ಇದು ಬೇಕರಿಯ ಕೆಲಸದ ದಾರಿಯಲ್ಲಿ ಹಾಕಿದ ಸುತ್ತಲ್ಲ, ಬೇರೆಯದೇ ಒಂದು ಪ್ರಯಾಣ. 1869ರ ಸ್ಟೋರಿ ಪ್ರಕರಣದಲ್ಲೂ ಹೀಗೇ ಆಗಿತ್ತು. ವೈನ್ ತಲುಪಿಸಿ ಮರಳುತ್ತಿದ್ದ ಗಾಡಿಯವನು ಜೊತೆಗಿದ್ದ ಗುಮಾಸ್ತನ ಸ್ವಂತ ಕೆಲಸಕ್ಕೆ ಇನ್ನೊಂದು ದಿಕ್ಕಿಗೆ ಗಾಡಿ ತಿರುಗಿಸಿದ, ಯಜಮಾನ ಹೊಣೆಯಾಗಲಿಲ್ಲ. ಚಹಾದ ಸುತ್ತಿಗೂ ಹರಿಹರದ ಪ್ರಯಾಣಕ್ಕೂ ನಡುವೆ ಇಷ್ಟೇ ಕಿಲೋಮೀಟರ್ ಎಂಬ ಗೆರೆಯಿಲ್ಲ. ಎಷ್ಟು ದೂರ, ಯಾತಕ್ಕಾಗಿ, ಯಜಮಾನನ ಕೆಲಸ ಇನ್ನೂ ಬಾಕಿಯಿತ್ತೇ ಎಂಬುದನ್ನು ಒಟ್ಟಾಗಿ ನೋಡುತ್ತಾರೆ. ಪರೀಕ್ಷೆಯಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಸಂಗತಿಯೊಳಗೇ ಸುಳಿವು ಇಟ್ಟಿರುತ್ತಾರೆ. ‘ಎಲ್ಲ ಅಂಗಡಿಗಳಿಗೂ ಹಾಕಿಯಾದ ಮೇಲೆ’ ಎಂಬಂಥ ಪದಗಳ ಕೆಳಗೆ ಗೆರೆ ಎಳೆಯಬೇಕು.

ಮೂರನೆಯ ಬದಲಾವಣೆಯಲ್ಲಿ ಟ್ರೇ ಇಳಿಸುವ ಕ್ಲೀನರ್ ಹುಡುಗ, ಚಾಲಕ ಅಂಗಡಿಯೊಳಗೆ ಹೋಗಿದ್ದಾಗ ವ್ಯಾನ್ ಓಡಿಸುತ್ತಾನೆ. ಇದು ಬಿಯರ್ಡ್ ಪ್ರಕರಣದ ಕಂಡಕ್ಟರನ ಕತೆಯೇ, ಮಾಲೀಕ ಹೊಣೆಯಲ್ಲ. ಆದರೆ ಚಾಲಕ ಪಕ್ಕದಲ್ಲೇ ಕೂತು ‘ಓಡಿಸು’ ಎಂದಿದ್ದರೆ ಲೆಕ್ಕ ಬದಲಾಗುತ್ತದೆ. 1915ರ ರಿಕೆಟ್ಸ್ ಪ್ರಕರಣದಲ್ಲಿ ಚಾಲಕನ ಪಕ್ಕದಲ್ಲೇ ಕಂಡಕ್ಟರ್ ಬಸ್ಸು ಓಡಿಸಿದ್ದ. ಅಲ್ಲಿ ನೋಡಬೇಕಾದದ್ದು ಕಂಡಕ್ಟರನ ತಪ್ಪನ್ನಲ್ಲ, ಅವನ ಕೈಗೆ ಸ್ಟೇರಿಂಗ್ ಬಿಟ್ಟ ಚಾಲಕನ ಅಜಾಗರೂಕತೆಯನ್ನು. ಗಾಡಿಯ ಮೇಲೆ ನಿಗಾ ಇಡುವುದು ಚಾಲಕನ ಕೆಲಸ. ಅದರಲ್ಲಿ ಅವನು ತಪ್ಪಿದರೆ ಯಜಮಾನನಿಗೆ ಹೊಣೆ ತಟ್ಟುತ್ತದೆ. ಇಂಥ ಪ್ರಶ್ನೆಯಲ್ಲಿ ‘ಯಾರ ತಪ್ಪು’ ಎಂಬುದನ್ನು ಮೊದಲು ಗುರುತಿಸದೆ ‘ಅದು ಅವನ ಕೆಲಸವೇ’ ಎಂದು ಕೇಳಿದರೆ ಉತ್ತರ ದಾರಿ ತಪ್ಪುತ್ತದೆ.

ಹಣದ ಮೋಸದ ಪ್ರಶ್ನೆಗಳು ಇನ್ನೂ ಕಠಿಣ. ಅಲ್ಲಿ ಆಳು ಮಾಡುವುದು ಅಜಾಗರೂಕತೆಯಲ್ಲ, ಬೇಕೆಂದೇ ಮಾಡುವ ವಂಚನೆ. ಕದಿಯುವುದು ಯಾರಿಗೂ ವಹಿಸಿದ ಕೆಲಸವಲ್ಲವಲ್ಲ ಎಂದು ಮಕ್ಕಳು ವಾದಿಸುತ್ತಾರೆ. 1912ರಲ್ಲಿ ಹೌಸ್ ಆಫ್ ಲಾರ್ಡ್ಸ್ ಇದಕ್ಕೆ ಉತ್ತರ ಕೊಟ್ಟಿದೆ. ವಕೀಲರ ಕಚೇರಿಯ ಮುಖ್ಯ ಗುಮಾಸ್ತ, ಸಲಹೆ ಕೇಳಲು ಬಂದ ವಿಧವೆಯಿಂದ ಕಾಗದಗಳಿಗೆ ಸಹಿ ಹಾಕಿಸಿಕೊಂಡು ಆಕೆಯ ಆಸ್ತಿಯನ್ನು ತನ್ನದಾಗಿಸಿಕೊಂಡ. ಕಚೇರಿಗೆ ಅದರಿಂದ ಒಂದು ಕಾಸೂ ಬರಲಿಲ್ಲ, ಆದರೂ ವಕೀಲರು ಹೊಣೆಯಾದರು. ಕಕ್ಷಿದಾರರ ಆಸ್ತಿ ವ್ಯವಹಾರ ನೋಡಿಕೊಳ್ಳಲು ಅವನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದು ಅವರೇ. ಆಕೆ ವ್ಯವಹರಿಸಿದ್ದು ಕಚೇರಿಯೊಂದಿಗೆ, ಆ ಮನುಷ್ಯನೊಂದಿಗಲ್ಲ.

ಇದರ ಪಕ್ಕದಲ್ಲಿ ನಮ್ಮ ಸುಪ್ರೀಂ ಕೋರ್ಟಿನ 1978ರ ತೀರ್ಪನ್ನು ಇಡಬೇಕು: ಸ್ಟೇಟ್ ಬ್ಯಾಂಕ್ ವಿರುದ್ಧ ಶ್ಯಾಮಾದೇವಿ. ಅಲಹಾಬಾದಿನಲ್ಲಿ ಉಳಿತಾಯ ಖಾತೆ ಇದ್ದ ಮಹಿಳೆ, ತಮ್ಮ ಖಾತೆಗೆ ಕಟ್ಟಬೇಕಾದ ಹಣ ಮತ್ತು ಚೆಕ್ಕನ್ನು ಗಂಡನ ಮೂಲಕ ನೆರೆಯವನೂ ಪರಿಚಯಸ್ಥನೂ ಆಗಿದ್ದ ಬ್ಯಾಂಕ್ ನೌಕರನಿಗೆ ಕೊಟ್ಟರು. ರಸೀದಿ ಪಡೆಯಲಿಲ್ಲ. ಅವನು ಪಾಸ್‌ಬುಕ್‌ನಲ್ಲಿ ಸುಳ್ಳು ನಮೂದು ಮಾಡಿ ಹಣ ನುಂಗಿದ. ಬ್ಯಾಂಕ್ ಹೊಣೆಯಲ್ಲ ಎಂದಿತು ಸುಪ್ರೀಂ ಕೋರ್ಟ್. ಅವನು ಬ್ಯಾಂಕಿನ ನೌಕರ ಎಂಬುದು ನಿಜ. ಆದರೆ ಆ ಹಣ ಅವನ ಕೈಗೆ ಬಂದದ್ದು ಬ್ಯಾಂಕಿನ ಕೆಲಸದ ಅಂಗವಾಗಿ ಅಲ್ಲ, ಆ ಕುಟುಂಬದ ಸ್ನೇಹಿತನಾಗಿ, ಅವರ ಪರವಾಗಿ ಕಟ್ಟುವವನಾಗಿ. ಆ ಕೆಲಸಕ್ಕೆ ಅವನ ಯಜಮಾನರು ಖಾತೆದಾರರೇ, ಬ್ಯಾಂಕ್ ಅಲ್ಲ.

ಇನ್ನು ಆಯ್ಕೆಗಳನ್ನು ಓದುವ ಬಗೆ. ನಾನು ಮಕ್ಕಳಿಗೆ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಲು ಹೇಳುತ್ತೇನೆ. ಯಾರ ತಪ್ಪಿನಿಂದ ಹಾನಿಯಾಯಿತು? ಅವನು ನಿಜಕ್ಕೂ ಕೆಲಸಗಾರನೇ, ಅಥವಾ ತನ್ನ ಸ್ವಂತ ವ್ಯವಹಾರ ನಡೆಸುವ ಗುತ್ತಿಗೆದಾರನೇ? ಬಾಡಿಗೆಗೆ ಹತ್ತಿದ ಟ್ಯಾಕ್ಸಿಯ ಚಾಲಕನಿಗೆ ಪ್ರಯಾಣಿಕ ಯಜಮಾನನಲ್ಲ. ಮೂರನೆಯದು, ಆ ಹೊತ್ತಿನಲ್ಲಿ ಅವನು ಮಾಡುತ್ತಿದ್ದದ್ದು ವಹಿಸಿದ ಕೆಲಸವೇ? ಉತ್ತರ ಸಿಕ್ಕ ಮೇಲೆ ಆಯ್ಕೆಗಳಲ್ಲಿ ‘ಹೊಣೆ’, ‘ಹೊಣೆಯಲ್ಲ’ ಎಂಬುದರಿಂದ ಎರಡನ್ನು ಹೊಡೆದುಹಾಕಬಹುದು. ಉಳಿದ ಎರಡರಲ್ಲಿ ‘ಏಕೆಂದರೆ’ ಎಂಬುದರ ನಂತರ ಬರುವುದೇ ನಿಜವಾದ ಪರೀಕ್ಷೆ. ಆ ಕಾರಣ ಕೊಟ್ಟಿರುವ ತತ್ವದೊಳಗಿನಿಂದ ಬಂದಿದೆಯೇ ಎಂದು ನೋಡಬೇಕು. ‘ಮಾಲೀಕ ಶ್ರೀಮಂತ’, ‘ಚಾಲಕ ಕ್ಷಮೆ ಕೇಳಿದ’, ‘ಡ್ಯೂಟಿಯ ಸಮಯ’ ಇವೆಲ್ಲ ನಿಜವಿದ್ದರೂ ತತ್ವದ ಹೊರಗಿನವು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಪರೀಕ್ಷೆಯಲ್ಲಿ ಕೊಟ್ಟ ತತ್ವವೇ ಪ್ರಮಾಣ. ನ್ಯಾಯಾಲಯದಲ್ಲಿ ಗೆರೆ ಅಷ್ಟು ನೇರವಾಗಿಲ್ಲ. 1966ರ ಸೀತಾರಾಮ್ ಮೋತಿಲಾಲ್ ಕಲಾಲ್ ಪ್ರಕರಣದಲ್ಲಿ ಟ್ಯಾಕ್ಸಿ ತೊಳೆಯುವ ಕೆಲಸಗಾರ ಚಾಲನಾ ಪರವಾನಗಿಯ ಪರೀಕ್ಷೆ ಕೊಡುವಾಗ ಒಬ್ಬರಿಗೆ ಗುದ್ದಿದ್ದ. ಟ್ಯಾಕ್ಸಿ ನೋಡಿಕೊಳ್ಳುತ್ತಿದ್ದವನೇ ಅವನನ್ನು ಕರೆದೊಯ್ದಿದ್ದರೂ ಆ ಹೊತ್ತಿನಲ್ಲಿ ಗಾಡಿಯಲ್ಲಿರಲಿಲ್ಲ. ಮಾಲೀಕ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಹೇಳಿದರೆ, ನ್ಯಾಯಮೂರ್ತಿ ಸುಬ್ಬರಾವ್ ಭಿನ್ನ ತೀರ್ಪು ಬರೆದರು. 1977ರ ಪುಷ್ಪಾಬಾಯಿ ಪ್ರಕರಣದಲ್ಲಿ ಕಂಪನಿಯ ಮ್ಯಾನೇಜರ್ ಕಂಪನಿಯ ಕೆಲಸಕ್ಕೆ ಕಾರಿನಲ್ಲಿ ಹೋಗುವಾಗ ಒಬ್ಬರನ್ನು ಹತ್ತಿಸಿಕೊಂಡಿದ್ದ. ಕಾರು ಮರಕ್ಕೆ ಗುದ್ದಿ ಅವರು ತೀರಿಕೊಂಡರು. ಪ್ರಯಾಣಿಕನನ್ನು ಕೂರಿಸಿಕೊಳ್ಳುವುದು ಮ್ಯಾನೇಜರನ ಕೆಲಸವಲ್ಲ ಎಂಬ ವಾದ ನಿಲ್ಲಲಿಲ್ಲ. ಅವನು ಕಂಪನಿಯ ಕೆಲಸಕ್ಕೇ ಕಾರು ಓಡಿಸುತ್ತಿದ್ದ, ಕಂಪನಿ ಹೊಣೆಯಾಯಿತು. ಹೊಣೆಯ ವ್ಯಾಪ್ತಿಯನ್ನು ಹಿಗ್ಗಿಸುವ ಕಡೆಗೇ ಕಾನೂನು ಸಾಗುತ್ತಿದೆ ಎಂದೂ ಆ ತೀರ್ಪು ಹೇಳಿತು. ಪರೀಕ್ಷೆಗೆ ಓದುವವರು ಈ ತೀರ್ಪುಗಳನ್ನು ತಿಳಿದಿರಲಿ. ಆದರೆ ಕೊಟ್ಟ ಗದ್ಯಭಾಗ ಬೇರೆ ನಿಯಮ ಹೇಳಿದರೆ ಅದನ್ನೇ ಹಿಡಿಯಬೇಕು.

ಪರೀಕ್ಷೆಗೆ ಕೂರದ ಓದುಗರಿಗೂ ಇದರಲ್ಲಿ ಎರಡು ಮಾತಿವೆ. ನೀವು ಅಂಗಡಿಯನ್ನೋ ಗಾಡಿಯನ್ನೋ ಇಟ್ಟುಕೊಂಡು ಆಳುಗಳನ್ನು ನೇಮಿಸಿದವರಾದರೆ, ಗೋಡೆಗೆ ಅಂಟಿಸಿದ ಸೂಚನೆ ನಿಮ್ಮನ್ನು ಹೊಣೆಯಿಂದ ಕಾಪಾಡುವುದಿಲ್ಲ. ಯಾರಿಗೆ ಯಾವ ಕೆಲಸ ಎಂದು ಸ್ಪಷ್ಟವಾಗಿ ವಹಿಸಿ, ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವುದೊಂದೇ ದಾರಿ. ನೀವು ಗ್ರಾಹಕರಾದರೆ, ಬ್ಯಾಂಕಿನಲ್ಲಿ ಕೆಲಸ ಮಾಡುವವನು ಪಕ್ಕದ ಮನೆಯವನೇ ಆಗಿರಲಿ, ಸ್ವಂತ ನೆಂಟನೇ ಆಗಿರಲಿ, ಹಣವನ್ನು ಅವನ ಮನೆಯಲ್ಲಿ ಕೊಡಬೇಡಿ. ಕೌಂಟರಿನಲ್ಲಿ ಕಟ್ಟಿ, ಮೊಹರು ಬಿದ್ದ ಚಲನ್ ಪ್ರತಿ ಪಡೆದು ಬನ್ನಿ.